ಪಾಳಿ ಬದಲಾದರೂ ನಿಲ್ಲದ ಓದು



ಆಸ್ಪತ್ರೆಯಲ್ಲಿ ದುಡಿಯುತ್ತಲೇ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ನರ್ಸಿಂಗ್ ಓದುವವರಿಗೆ ಗಡಿಯಾರ ನೋಡಿ ಬರೆದ ವೇಳಾಪಟ್ಟಿ ಒಗ್ಗದು; ಪಾಳಿ ಬದಲಾದೊಡನೆ ಅದು ಮುರಿಯುತ್ತದೆ. ಹೊಸ ಪಾಠವನ್ನು ಮಧ್ಯಾಹ್ನದ ಪಾಳಿಯ ವಾರಕ್ಕೆ, ಬೆಳಗಿನ ಹೊತ್ತಿಗೆ ಇಡಿರಿ. ರಾತ್ರಿ ಪಾಳಿ ಮುಗಿಸಿ ಬಂದಾಗ ಓದಬೇಡಿರಿ, ಮಲಗಿರಿ. ಸಂಜೆ ಎದ್ದಮೇಲೆ ಹಳೆಯ ಪಾಠವನ್ನು ಪುಸ್ತಕ ಮುಚ್ಚಿಟ್ಟು ಹತ್ತು ನಿಮಿಷ ಬರೆಯಿರಿ.

ಮಧುಮೇಹದ ಕೀಟೋಅಸಿಡೋಸಿಸ್ ಪಾಠವನ್ನೇ ತೆಗೆದುಕೊಳ್ಳೋಣ. ಸೋಮವಾರ ಓದಿದ್ದನ್ನು ಮಂಗಳವಾರ ಬರೆಯಿರಿ, ಶುಕ್ರವಾರ ಮತ್ತೊಮ್ಮೆ, ಮುಂದಿನ ಶುಕ್ರವಾರ ಇನ್ನೊಮ್ಮೆ. ಇನ್ಸುಲಿನ್ ಕೊಟ್ಟಾಗ ರಕ್ತದ ಪೊಟ್ಯಾಸಿಯಂ ಏಕೆ ಇಳಿಯುತ್ತದೆ? ಅದು ಜೀವಕೋಶಗಳೊಳಕ್ಕೆ ಸೇರುವುದರಿಂದ. ಇಷ್ಟು ಬರೆಯಲು ಬಾರದಿದ್ದರೆ ಆ ಪುಟವನ್ನಷ್ಟೇ ತೆರೆಯಿರಿ. ಬರಿದೆ ತಿರುಗಿ ಓದಿದರೆ ಎಲ್ಲವೂ ತಿಳಿದಂತೆಯೇ ತೋರುತ್ತದೆ. ಪರೀಕ್ಷೆಯಲ್ಲಿ ಕೈಕೊಡುವುದು ಆ ತೋರಿಕೆಯೇ. ವಾರ್ಡಿಗೆ ಅಂಥ ರೋಗಿ ಬಂದ ದಿನ, ಚಾರ್ಟಿನ ಅಂಕಿಗೆ ಕಾರಣವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿರಿ.