ಮಾಡಿನ ವಿಸ್ತೀರ್ಣ, ಮಾಡಿನ ಮುಖ



ಪರಿಮಾಣದೊಡನೆ ದಿಕ್ಕನ್ನೂ ಉಳ್ಳ ರಾಶಿಗೆ ಗಣಿತದಲ್ಲಿ ಸದಿಶವೆಂದು ಹೆಸರು. ಎರಡು ಸದಿಶಗಳಿಂದ ಮೂರನೆಯ ಸದಿಶವನ್ನು ಪಡೆಯುವ ಒಂದು ಗುಣಾಕಾರವುಂಟು. ಅದೇ ಸದಿಶ ಗುಣಲಬ್ಧ. ಅದನ್ನು ನಾವು ಒಂದು ಹೆಂಚಿನ ಮಾಡಿನ ಮೇಲೆ ಅಳೆದು ನೋಡೋಣ.

ಓರೆಯಾದ ನಿವೇಶನದ ಮನೆಯೊಂದಕ್ಕೆ ಸಮಾಂತರ ಚತುರ್ಭುಜಾಕಾರದ ಮಾಡಿದೆಯೆಂದು ಭಾವಿಸೋಣ. ಪೂರ್ವ, ಉತ್ತರ, ಮೇಲಕ್ಕೆ ಎಂಬ ಕ್ರಮದಲ್ಲಿ ಮೀಟರುಗಳನ್ನು ಬರೆದರೆ, ಕೆಳಗಿನ ಅಂಚು (6, 0, 0). ಅದೇ ಮೂಲೆಯಿಂದ ಮೇಲೇರುವ ಅಂಚು (2, 4, 3). ಪ್ರತಿಯೊಂದು ಸ್ಥಾನದ ಬೆಲೆಯನ್ನು ಉಳಿದೆರಡು ಸ್ಥಾನಗಳ ಅಡ್ಡ ಗುಣಾಕಾರದಿಂದ ಪಡೆಯಬೇಕು:

(6, 0, 0) × (2, 4, 3) = (0·3 − 0·4, 0·2 − 6·3, 6·4 − 0·2) = (0, −18, 24)

ಈ ಸಂಖ್ಯೆಗಳಿಗೆ ಕಣ್ಣಿಗೆ ಕಾಣುವ ಅರ್ಥವಿದೆ. ಸೂರ್ಯನು ನೆತ್ತಿಯ ಮೇಲಿರುವಾಗ ಮಾಡಿನ ನೆರಳು ನೆಲದ ಮೇಲೆ 24 ಚದರ ಮೀಟರು. ದಕ್ಷಿಣದಿಂದ ನೇರವಾಗಿ ನೋಡಿದಾಗ ಮಾಡು ಆವರಿಸುವುದು 18 ಚದರ ಮೀಟರು. ಪೂರ್ವದಿಂದ ನೋಡಿದರೆ ಅದು ಬರಿಯ ಗೆರೆಯಾಗಿ ತೋರುವುದರಿಂದ ಅಲ್ಲಿ ಸೊನ್ನೆ. ಮೂರರ ವರ್ಗಗಳನ್ನು ಕೂಡಿಸಿದರೆ 900. ಅದರ ವರ್ಗಮೂಲ 30. ಇದೇ ಮಾಡಿನ ನಿಜವಾದ ವಿಸ್ತೀರ್ಣ. ನೆಲವನ್ನಷ್ಟೇ ಅಳೆದು 24 ಚದರ ಮೀಟರಿಗೆ ಹೆಂಚು ತರಿಸಿದವರಿಗೆ ಐದರಲ್ಲೊಂದು ಪಾಲು ಕಡಿಮೆ ಬೀಳುತ್ತದೆ. ಆದರೆ ನೇರವಾಗಿ ಸುರಿಯುವ ಮಳೆಯ ನೀರನ್ನು ಲೆಕ್ಕ ಹಾಕುವವರಿಗೆ ಬೇಕಾದದ್ದು 24 ಮಾತ್ರ: ಒಂದು ಸೆಂಟಿಮೀಟರು ಮಳೆಗೆ 240 ಲೀಟರು.

ಇನ್ನು ದಿಕ್ಕಿನ ಮಾತು. (0, −18, 24) ಎಂದರೆ ದಕ್ಷಿಣಕ್ಕೆ 18, ಮೇಲಕ್ಕೆ 24. ಉತ್ತರಕ್ಕೆ ಏರುವ ಮಾಡಿನ ಮುಖ ದಕ್ಷಿಣಕ್ಕೆ ತಿರುಗಿರುವುದು ಸಹಜವೇ. ಇದು ಮಾಡಿಗೆ ಲಂಬವಾಗಿದೆಯೇ ಎಂದು ಪರೀಕ್ಷಿಸಲು ಪ್ರತಿ ಅಂಚಿನೊಡನೆ ಸ್ಥಾನಕ್ಕೆ ಸ್ಥಾನವನ್ನು ಗುಣಿಸಿ ಕೂಡಿಸಬೇಕು. ಮೊದಲನೆಯ ಅಂಚಿಗೆ ಸೊನ್ನೆ. ಎರಡನೆಯದಕ್ಕೆ 4·(−18) + 3·24, ಅದೂ ಸೊನ್ನೆ. ಎರಡೂ ಸೊನ್ನೆಯಾದರೆ ಲಂಬ ಸಿದ್ಧ. ನಡುವಿನ ಸ್ಥಾನದ ಚಿಹ್ನೆಯನ್ನು ತಪ್ಪಿ +18 ಎಂದು ಬರೆಯುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಆಗ ಮೊತ್ತ 144 ಆಗಿ ತಪ್ಪು ಕೂಡಲೇ ಬಯಲಾಗುತ್ತದೆ.

ಆದರೆ ಈ ಪರೀಕ್ಷೆಗೆ ಒಂದು ಮಿತಿಯಿದೆ. ಅಂಚುಗಳ ಕ್ರಮವನ್ನು ಅದಲುಬದಲು ಮಾಡಿದರೆ ಉತ್ತರ (0, 18, −24) ಆಗುತ್ತದೆ. ವಿಸ್ತೀರ್ಣ ಅದೇ, ಲಂಬವೂ ಹೌದು. ಆದರೆ ಬಾಣವು ಆಕಾಶವನ್ನು ಬಿಟ್ಟು ಮನೆಯೊಳಕ್ಕೆ ತಿರುಗಿರುತ್ತದೆ. ಇದನ್ನು ಬಲಗೈಯಿಂದಲೇ ತಿಳಿಯಬೇಕು. ಮೊದಲ ಅಂಚಿನಿಂದ ಎರಡನೆಯದರ ಕಡೆಗೆ ಬೆರಳುಗಳನ್ನು ಮಡಚಿದಾಗ ಹೆಬ್ಬೆರಳು ಎತ್ತ ಚಾಚುವುದೋ ಅತ್ತಲೇ ಗುಣಲಬ್ಧದ ದಿಕ್ಕು.