ಪೂರ್ತಿ ಹೆಸರಿಂದ ಕರೀರಿ

(ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)

ಗೆಳೆಯರೇ,

ಇವತ್ತು ನಾವು ಕವಿತೆ ಓದೋದಿಲ್ಲ. ನಮ್ಮ ಬ್ರೂಸ್‌ಪೇಟೆಯ ಒಂದು ಓಣಿಯಲ್ಲಿ ನಡೆದ ತೊಟ್ಟಿಲು ಕಾರ್ಯದ ಬಗ್ಗೆ, ಅಲ್ಲಿ ಒಬ್ಬ ಅಜ್ಜಿ ಆಡಿದ ನಾಲ್ಕು ಮಾತಿನ ಬಗ್ಗೆ ಹೇಳಬೇಕೆಂದು ಬಂದಿದ್ದೇವೆ. ನಾಳೆ ನಿಮ್ಮ ಅಕ್ಕನಿಗೆ ಕೂಸು ಹುಟ್ಟಿದರೆ, "ನೀನು ಓದಿದೋನು, ಅಜ್ಜಿ ಮಾತಾಡ್ತಾಳಂತೆ, ಎರಡು ಮಾತು ಬರಕೊಡು" ಎಂದು ನಿಮ್ಮನ್ನೇ ಕೇಳುತ್ತಾರೆ. ನಮ್ಮನ್ನೂ ಹಾಗೆಯೇ ಕೇಳಿದರು. ನಾವು ಬರೆದೆವು. ಬರೆದು ಸೋತೆವು.

ಬಿ.ಎ. ಓದಿದ ಗರ್ವ ನಮಗೆ. ಎರಡು ಪುಟ ಬರೆದಿದ್ದೆವು. ಮೊದಲು ಓಣಿಯ ಮುಖಂಡರ ಹೆಸರು, ಆಮೇಲೆ "ಶೋಷಿತ ಸಮುದಾಯದ ನಾಳಿನ ಕುಡಿ", ಆಮೇಲೆ "ತುಂಬು ಹೃದಯದ ಕೃತಜ್ಞತೆಗಳು". ಅಜ್ಜಿಗೆ ಓದು ಬರದು, ನಾವೇ ಓದಿ ಹೇಳಿದೆವು. ಅಜ್ಜಿ ಎಲ್ಲ ಕೇಳಿ, ಅಡಿಕೆ ಕತ್ತರಿಸುತ್ತ ಒಂದೇ ಮಾತು ಅಂದಳು: "ಇದ್ರಾಗ ನಮ್ಮ ಕೂಸು ಎಲ್ಲೈತಿ?"

ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆವು. ಆಮೇಲೆ ಅಜ್ಜಿಯನ್ನೇ ಮೂರು ಪ್ರಶ್ನೆ ಕೇಳಿದೆವು. ಯಾರನ್ನ ಕರೆದೀಯವ್ವಾ? ಕೂಸಿಗೆ ಯಾವ ಹೆಸರು, ಯಾಕೆ ಆ ಹೆಸರು? ಬಂದ ಮಂದಿ ಹತ್ತಿರ ಏನು ಬೇಡಿಕೊಳ್ತೀ?

ಎರಡನೆಯ ಪ್ರಶ್ನೆಗೆ ಬಂದಾಗ ಅಜ್ಜಿ ತನ್ನ ಹೆಸರಿನ ಕತೆಯನ್ನೇ ಬಿಚ್ಚಿದಳು. ಅವಳಿಗಿಂತ ಮುಂಚೆ ಹುಟ್ಟಿದ ಕೂಸುಗಳು ಉಳಿಯಲಿಲ್ಲವಂತೆ. ಇವಳು ಹುಟ್ಟಿದಾಗ ತಿಪ್ಪೆ ಮೇಲೆ ಮಲಗಿಸಿ, ಮತ್ತೆ ಎತ್ತಿಕೊಂಡು ಬಂದು ತಿಪ್ಪಮ್ಮ ಅಂತ ಹೆಸರಿಟ್ಟರು. ಕಸದಂಥ ಹೆಸರಿದ್ದರೆ ಸಾವು ಕಣ್ಣೆತ್ತಿ ನೋಡೋದಿಲ್ಲ ಅನ್ನೋ ನಂಬಿಕೆ ಅದು. ಈ ಪದ್ಧತಿ ನಮ್ಮ ಸೀಮೆಯ ಬೇರೆ ಜಾತಿಗಳಲ್ಲೂ ಉಂಟು, ಅವರಲ್ಲೂ ತಿಪ್ಪಣ್ಣರಿದ್ದಾರೆ. ಆದರೆ ಅವರ 'ಅಣ್ಣ' ಉಳಿಯಿತು, ನಮ್ಮ 'ಅಮ್ಮ' ಹೋಯಿತು. ಸಿರುಗುಪ್ಪದ ಕಡೆ ಭತ್ತದ ಗದ್ದೆಗೆ ನಾಟಿ ಹಚ್ಚಲು ಹೋದರೆ ಹೊಲದ ಒಡೆಯರು ಕರೆದದ್ದು "ಏ ತಿಪ್ಪಿ". ಅವರ ಆರು ವರ್ಷದ ಹುಡುಗನೂ "ಏ ತಿಪ್ಪಿ". ಮುಂದೆ ಒಂದು ಕಚೇರಿಯ ಕಾಗದದಲ್ಲೂ ಯಾರೋ ಹಾಗೇ ಬರೆದುಬಿಟ್ಟರು. ಸಾವಿಗೆ ಹೆದರಿ ಇಟ್ಟ ಹೆಸರನ್ನು ಜಾತಿ ಅರ್ಧಕ್ಕೆ ಕತ್ತರಿಸಿತು.

ಇದು ಒಬ್ಬ ಅಜ್ಜಿಯ ದುರದೃಷ್ಟ ಅಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಯಾವ ವರ್ಣದವರಿಗೆ ಎಂಥ ಹೆಸರು ಎಂಬ ನಿಯಮವೇ ಇದೆ. ಬ್ರಾಹ್ಮಣನ ಹೆಸರಿನಲ್ಲಿ ಮಂಗಳ ಇರಬೇಕು, ಶೂದ್ರನ ಹೆಸರಿನಲ್ಲಿ ಹೇವರಿಕೆ ಇರಬೇಕು. ವರ್ಣದ ಹೊರಗೇ ಇಟ್ಟ ನಮ್ಮ ಮಾತು ಕೇಳೋದೇ ಬೇಡ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಡಿಸಿದ್ದು ಆ ಪುಸ್ತಕವನ್ನೇ.

ಇನ್ನು ಕಾರ್ಯದ ದಿನ. ಚೊಚ್ಚಲ ಬಾಣಂತನ ತವರಿನಲ್ಲಿ, ಆದ್ದರಿಂದ ಕಾರ್ಯ ಈ ಅಜ್ಜಿಯ ಮನೆಯಲ್ಲೇ. ಸಿರುಗುಪ್ಪದಿಂದ ಬೀಗರು ಅಂಗಿ, ಕುಲಾಯಿ, ತೊಟ್ಟಿಲು ತಂದಿದ್ದರು. ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸಿ ತೂಗಿದರು, ಆಮೇಲೆ ಕೂಸನ್ನು ಮಲಗಿಸಿದರು. ಸೋದರತ್ತೆ ಬಗ್ಗಿ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಿದಳು. ಹೆಂಗಸರು ನಗುತ್ತಾ ಅವಳ ಬೆನ್ನಿಗೆ ಗುದ್ದಿದರು. ಗುಗ್ಗರಿ ಹಂಚುವುದಕ್ಕೆ ಮುಂಚೆ ಅಜ್ಜಿ ಎದ್ದು ನಿಂತಳು. ಈ ಹೊತ್ತನ್ನು ನೆನಪಿಡಿ. ಹೆಸರಿಡೋದಕ್ಕೆ ಮುಂಚೆ ಮಾತಾಡಿದರೆ ಹೆಸರಿನ ಕತೆ ಹೇಳಲು ಬರೋದಿಲ್ಲ. ಊಟ ಆದಮೇಲೆ ಮಾತಾಡಿದರೆ ಕೇಳಲು ಮಂದಿ ಇರೋದಿಲ್ಲ.

ಅಜ್ಜಿ ಅಂದದ್ದನ್ನು ಅಂದ ಹಾಗೇ ಇಡುತ್ತೇವೆ:

"ಎಲ್ಲಾರು ಬಂದೀರಿ, ಭಾಳ ಸಂತೋಷ ಆತು. ಸಿರುಗುಪ್ಪದಿಂದ ಬೀಗರು ಬಂದೀರಿ. ಕುರುಗೋಡಿನಿಂದ ನನ್ನ ತಂಗಿ ಮಕ್ಕಳು ಬಂದೀರಿ. ಕೌಲ್‌ಬಜಾರಿನಿಂದ ಜೀನ್ಸ್ ಹೊಲಿಯೋ ಹುಡುಗ್ಯಾರು ಬಂದೀರಿ. ಎಲ್ಲಾರೂ ಒಂದಿನದ ಕೂಲಿ ಬಿಟ್ಟು ಬಂದೀರಿ, ಅದು ನನಗೆ ಗೊತ್ತೈತಿ. ಅದಕ್ಕಿಂತ ದೊಡ್ಡ ಉಡುಗೊರಿ ಯಾವುದೈತ್ರಿ?

ನನ್ನ ಮಗಳಿಗೆ ಬ್ಯಾನಿ ಬಂದಾಗ ರಾತ್ರ್ಯಾಗ ಆಟೋ ಹೊಡಕೊಂಡು ಹೋದಾವ ಇಲ್ಲೇ ಹಿಂದ ನಿಂತಾನ. ಮುಂದ ಬಾರಪಾ. ನಿನ್ನ ಮರೆಯಂಗಿಲ್ಲ. ದಿನಾ ಕೂಸಿಗೆ ಎಣ್ಣಿ ಹಚ್ಚಿ ಎರದಾಕಿ ಒಳಗ ಒಲಿ ಮುಂದ ಅದಾಳ. ಆಕಿಗೂ ಶರಣು.

ಕೂಸಿಗೆ ರಮಾಬಾಯಿ ಅಂತ ಹೆಸರಿಟ್ಟೀವಿ. ಬಾಬಾಸಾಹೇಬರ ಮನಿಯಾಕಿ ಹೆಸರು. ಆ ತಾಯಿ ಐದು ಹಡೆದ್ಲು, ಒಂದೇ ಉಳೀತು. ನಮ್ಮವ್ವನ ಸಂಕಟನೂ ಅದೇ, ಅದಕ್ಕ ನನಗೆ ತಿಪ್ಪಿ ಹೆಸರಿಟ್ಲು. ಈಗ ಆ ಹೆದರಿಕಿ ನಮಗ ಬ್ಯಾಡ. ನಿಮ್ಮ ಕೈ ಮುಗಿದು ಒಂದೇ ಕೇಳ್ತೀನಿ. ನಮ್ಮ ಕೂಸನ್ನ ರಮಿ ಅನಬ್ಯಾಡ್ರಿ. ಪೂರ್ತಿ ಹೆಸರಿಂದ ಕರೀರಿ.

ಯವ್ವಾ ರಮಾಬಾಯಿ, ನಿನಗೆ ರೊಕ್ಕ ಬರ್ಲಿ, ಬಂಗಾರ ಬರ್ಲಿ ಅಂತ ನಾ ಅನ್ನಂಗಿಲ್ಲ. ನಿನ್ನ ಹೆಸರು ನೀನೇ ಬರೀ. ಬರದದ್ದನ್ನ ಯಾರೂ ಅಳಿಸದಿರ್ಲಿ. ಎಲ್ಲಾರೂ ಉಂಡು ಹೋಗ್ರಿ."

ಇಷ್ಟೇ. ಮೂರು ನಿಮಿಷವೂ ಆಗಲಿಲ್ಲ. ಹಿಂದೆ ನಿಂತಿದ್ದ ಆಟೋ ಹುಡುಗ ತಲೆ ತಗ್ಗಿಸಿ ಮುಂದೆ ಬಂದ. ಒಳಗೆ ಒಲೆ ಮುಂದಿದ್ದವಳು ಕಣ್ಣು ಒರೆಸಿಕೊಂಡಳು. ಅದು ಹೊಗೆಗೋ, ಮಾತಿಗೋ, ನಾವು ಕೇಳಲಿಲ್ಲ.

ನಮ್ಮ ಎರಡು ಪುಟ ಎಲ್ಲಿ ಸೋತಿತು ಅಂತ ಆಗ ತಿಳಿಯಿತು. ನಾವು ಬಂದವರನ್ನು ಅಂತಸ್ತಿನ ಪ್ರಕಾರ ಸಾಲಾಗಿ ನಿಲ್ಲಿಸಿದ್ದೆವು. ಅಜ್ಜಿ ಯಾರು ಎಲ್ಲಿಂದ ಬಂದರು, ಏನು ಬಿಟ್ಟು ಬಂದರು ಅಂತ ಹೇಳಿದಳು. "ಸರ್ವರಿಗೂ ವಂದನೆ" ಅಂದರೆ ಯಾರಿಗೂ ಮುಟ್ಟೋದಿಲ್ಲ. ಮಾಡಿದ ಕೆಲಸವನ್ನು ಹೇಳಿ ನೆನೆದರೆ ಇಬ್ಬರ ಹೆಸರೇ ಸಾಕು. ಹರಕೆಯೂ ಹಾಗೇ. ಯಾವ ಕೂಸಿಗಾದರೂ ಒಪ್ಪೋ ಹರಕೆ ಈ ಕೂಸಿನದಲ್ಲ. ಅಜ್ಜಿ ತನಗೆ ಸಿಗದೆ ಹೋದ ಒಂದೇ ಒಂದನ್ನು ಮೊಮ್ಮಗಳಿಗೆ ಹರಸಿದಳು. ಜತೆಗೆ ಬಂದವರ ಮೇಲೆ ಒಂದು ಹೊಣೆ ಹೊರಿಸಿದಳು. ಈಗ ಓಣಿಯಲ್ಲಿ ಯಾರಾದರೂ "ರಮಿ" ಅಂದರೆ ಪಕ್ಕದವರೇ ತಿದ್ದುತ್ತಾರೆ.

ಇನ್ನು ಓದಿದವರಾದ ನಮ್ಮ ಪಾಲಿನ ಕೆಲಸ. ಕಿವಿಯಲ್ಲಿ ಹೇಳಿದ ಹೆಸರು ಕಾಗದಕ್ಕೆ ಏರಬೇಕು. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆಗ ಹೆಸರಿಲ್ಲದಿದ್ದರೂ ನಡೆಯುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಕಾಸು ಕೊಡಬೇಕಿಲ್ಲ, ಆಮೇಲೆ ತಡವಾದ ಶುಲ್ಕ ಬೀಳುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಹುಟ್ಟಿದ ದಿನಾಂಕದ ದಾಖಲೆ ಆ ಪತ್ರವೇ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಅದೇ ತಪ್ಪು ಶಾಲೆಯ ದಾಖಲೆಗೆ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ನಿಮ್ಮ ಸ್ಕಾಲರ್‌ಶಿಪ್ ಅರ್ಜಿಗೆ ನಡೆದು ಬರುತ್ತದೆ. ಹಾಸ್ಟೆಲಿನಲ್ಲಿ ಆ ಪಾಡು ಪಟ್ಟವರು ಇಲ್ಲೇ ಕೂತಿದ್ದೀರಿ. ಅದಕ್ಕೇ ಮರುದಿನ ನಾವೇ ಅರ್ಜಿ ಬರೆದೆವು. ಪತ್ರ ಕೈಗೆ ಬಂದಾಗ ಅಲ್ಲೇ ನಿಂತು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಕ್ಷರ ಅಕ್ಷರ ಓದಿ ನೋಡಿದೆವು. ರಮಾಬಾಯಿ, ಪೂರ್ತಿ ಇತ್ತು.

ನಮ್ಮ ಪೇಟೆ ಬ್ರೂಸ್ ಎಂಬ ಒಬ್ಬ ಬಿಳಿ ಅಧಿಕಾರಿಯ ಹೆಸರನ್ನು ಇವತ್ತಿಗೂ ಮುರಿಯದೆ ಹೊತ್ತುಕೊಂಡಿದೆ. ಇಂಗ್ಲಿಷಿನ ಬೆಲ್ಲಾರಿ ಸರ್ಕಾರಿ ಕಾಗದದಲ್ಲಿ ಬಳ್ಳಾರಿ ಆಗಲು 2014ರ ನವೆಂಬರ್ 1 ಬರಬೇಕಾಯಿತು. ಊರು ಅಷ್ಟು ಕಾಲ ಕಾಯಬಹುದು. ತೊಟ್ಟಿಲ ಕೂಸು ಯಾಕೆ ಕಾಯಬೇಕು?

ಪತ್ರವನ್ನು ಅಜ್ಜಿಯ ಕೈಗೆ ಕೊಟ್ಟೆವು. ಅವಳು ಅಕ್ಷರದ ಮೇಲೆ ಬೆರಳಾಡಿಸಿ ಕೇಳಿದಳು: "ಇದ್ರಾಗ ಐತಲ್ಲ, ನಮ್ಮ ಕೂಸು?"

ಐತವ್ವಾ, ಅಂದೆವು.