ಸೊಸೆಯ ಕೋಣೆಗೊಂದು ಚಿಲಕ

(ನಿರ್ಣಾದ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)





ಇಂದು ಒಂದು ಮನೆಯ ವಿಷಯ ಹೇಳುತ್ತೇವೆ. ಆ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಯಾರ ಮನೆ ಎಂದು ಹುಡುಕಲು ಹೋಗಬೇಡಿ, ಅಂಥ ಮನೆಗಳು ನಮ್ಮಲ್ಲಿ ಬಹಳ ಇವೆ.

ತಂದೆ-ತಾಯಿ, ಮೂವರು ಗಂಡುಮಕ್ಕಳು, ಒಬ್ಬ ಮಗಳು, ಹಿರಿಸೊಸೆ ಮತ್ತು ಅವಳ ಮಕ್ಕಳು. ಎರಡು ಕೋಣೆ, ಒಂದು ಪಡಸಾಲೆ, ಒಂದೇ ಬಚ್ಚಲು. ನಡುವಿನ ಮಗನ ನಿಕಾಹ್ ಆಯಿತು. ಹುಡುಗ ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾನೆ, ತಿಂಗಳಿಗೆ ಒಮ್ಮೆ ಎರಡು ದಿನ ಬರುತ್ತಾನೆ. ಹೊಸ ಸೊಸೆಗೆ ಒಂದು ಕೋಣೆಯನ್ನೇನೋ ಕೊಟ್ಟರು. ಆದರೆ ಮನೆಯವರೆಲ್ಲರ ಹಾಸಿಗೆ ಆ ಕೋಣೆಯಲ್ಲೇ, ಜೋಳದ ಚೀಲ ಅಲ್ಲೇ, ಮೊಬೈಲ್ ಚಾರ್ಜ್ ಮಾಡುವ ಬೋರ್ಡೂ ಅಲ್ಲೇ. ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ. ಕಿರಿಯ ಮೈದುನ ಹಗಲಿನಲ್ಲಿ ಎಷ್ಟೋ ಸಲ ನುಗ್ಗಿ ಬರುತ್ತಿದ್ದ. ಕೆಟ್ಟ ಹುಡುಗನಲ್ಲ, ಚಿಕ್ಕಂದಿನಿಂದ ಅವನ ಮನೆ ಅದು. ನಾದಿನಿ ಕೇಳದೆಯೇ ಅವಳ ಅಲ್ಮಾರಿ ತೆಗೆದು ದುಪಟ್ಟಾ ಹಾಕಿಕೊಳ್ಳುತ್ತಿದ್ದಳು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತು. ಆ ಸೆಕೆಯಲ್ಲೂ ಈ ಹುಡುಗಿ ನಸುಕಿನಿಂದ ರಾತ್ರಿಯವರೆಗೆ ತಲೆಯ ಮೇಲಿನ ಸೆರಗು ಇಳಿಸಿ ಕೂರುವ ಜಾಗವಿರಲಿಲ್ಲ. ಅಳು ಬಂದರೆ ಬಚ್ಚಲಿಗೆ ಹೋಗುತ್ತಿದ್ದಳು. ಅಲ್ಲಿಯೂ ಹೊರಗೆ ಯಾರಾದರೂ ಕಾಯುತ್ತಿರುತ್ತಿದ್ದರು.

ತವರಿಗೆ ಹೋದವಳು ತಿರುಗಿ ಬರುವುದಿಲ್ಲ ಎಂದಳು. ಅತ್ತೆ ನಮ್ಮ ಬಳಿ ಬಂದು, 'ಮೌಲಾನಾ, ಹೊಡೆದಿಲ್ಲ, ಬೈದಿಲ್ಲ, ಹೊಟ್ಟೆಗೆ ಕಮ್ಮಿ ಮಾಡಿಲ್ಲ. ಆಕೆಗೆ ಏನಾಗಿದೆ?' ಎಂದು ಕೇಳಿದರು. ಆ ತಾಯಿ ಹೇಳಿದ್ದು ನಿಜವೇ. ನಾವೂ ಅವಸರಪಟ್ಟು, ಸಬ್ರ್ ಮಾಡಲಿ, ಎಲ್ಲ ಸರಿಹೋಗುತ್ತದೆ ಎಂದು ಹುಡುಗಿಯ ತಂದೆಗೆ ಹೇಳಿ ಕಳಿಸಿದೆವು. ಅದು ನಮ್ಮ ತಪ್ಪು. ಸಬ್ರ್ ಎಂದು ಹೇಳುವ ಮೊದಲು ಹಕ್ಕು ಸಿಕ್ಕಿದೆಯೇ ಎಂದು ಕೇಳಬೇಕಿತ್ತು.

ಯಾವ ಹಕ್ಕು? ಹೆಂಡತಿಗೆ ವಸತಿ ಕೊಡುವುದು ಅನ್ನ-ಬಟ್ಟೆ ಕೊಟ್ಟಂತೆಯೇ ಗಂಡನ ಹೊಣೆ. ನಾವು ಮದ್ರಸಾದಲ್ಲಿ ಓದಿದ ಹನಫೀ ಫಿಕ್ಹ್‌ನ 'ಹಿದಾಯಾ' ಗ್ರಂಥ ಇದನ್ನು ಸ್ಪಷ್ಟ ಮಾಡುತ್ತದೆ. ಅವಳು ತಾನಾಗಿ ಒಪ್ಪದ ಹೊರತು, ಗಂಡನ ಸಂಬಂಧಿಕರು ಪಾಲುದಾರರಲ್ಲದ ಜಾಗ ಅವಳಿಗೆ ಬೇಕು. ದೊಡ್ಡ ಮನೆಯೊಳಗೆ ಬೀಗವಿರುವ ಒಂದು ಪ್ರತ್ಯೇಕ ಕೋಣೆ ಕೊಟ್ಟರೂ ಹೊಣೆ ತೀರುತ್ತದೆ. ಅನುಕೂಲವಿದ್ದವನು ಇನ್ನೂ ಹೆಚ್ಚು ಕೊಡಬೇಕೆಂದು ನಂತರದ ವಿದ್ವಾಂಸರು ಬರೆದಿದ್ದಾರೆ. ಬಡವನಿಗೂ ಬಿಡದ ಮಟ್ಟ ಯಾವುದೆಂದರೆ ಬೀಗ, ಮತ್ತು ಅದರ ಕೀಲಿಕೈ ಅವಳ ಕೈಯಲ್ಲಿ. ಎಂಟು ನೂರು ವರ್ಷಗಳ ಹಿಂದೆ ಗ್ರಂಥ ಬರೆದವರಿಗೆ ಬೀಗದ ಬೆಲೆ ಗೊತ್ತಿತ್ತು. ನಾವು ಜಹೇಜ್‌ನ ಅಲ್ಮಾರಿ ಎಷ್ಟು ಬಾಗಿಲಿನದು ಎಂದು ಎಣಿಸುತ್ತೇವೆ, ಕೋಣೆಯ ಬಾಗಿಲು ನೋಡುವುದಿಲ್ಲ.

ಸೂರಃ ಅನ್ನೂರ್‌ನಲ್ಲಿ ಅಲ್ಲಾಹನು ಮೂರು ಹೊತ್ತುಗಳನ್ನು ಹೆಸರಿಸಿದ್ದಾನೆ: ಫಜ್ರ್‌ಗೆ ಮುಂಚೆ, ಮಧ್ಯಾಹ್ನ ಬಟ್ಟೆ ಸಡಿಲಿಸುವಾಗ, ಇಶಾದ ನಂತರ. ಈ ಹೊತ್ತುಗಳಲ್ಲಿ ಮನೆಯ ಚಿಕ್ಕ ಮಕ್ಕಳೂ ಕೇಳಿಯೇ ಒಳಗೆ ಬರಬೇಕು. ಮಕ್ಕಳಿಗೇ ಹೀಗಿದ್ದರೆ ಬೆಳೆದ ಮೈದುನನಿಗೆ? ಅವನು ಯಾವ ಹೊತ್ತಿನಲ್ಲೂ ಕೇಳದೆ ಬರುವಂತಿಲ್ಲ. ಗಂಡನ ಕಡೆಯ ಗಂಡಸರ ಬಗ್ಗೆ ಪ್ರವಾದಿಯವರನ್ನು(ಸ) ಕೇಳಿದಾಗ, ಅದು ಸಾವಿನಂತೆ ಎಂದು ಎಚ್ಚರಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ವರದಿ ಮಾಡಿವೆ. ಪರಕೀಯನನ್ನು ನಾವೇ ಬಾಗಿಲಲ್ಲಿ ತಡೆಯುತ್ತೇವೆ. ಮನೆಯವನನ್ನು ಯಾರೂ ತಡೆಯುವುದಿಲ್ಲ, ಎಚ್ಚರಿಕೆ ಬಂದದ್ದು ಅದಕ್ಕೇ.

ಮತ್ತೆ ಆ ಮನೆಗೆ ಬರೋಣ. ಹುಡುಗನನ್ನು ಕರೆಸಿದೆವು. ಬೇರೆ ಮನೆ ಮಾಡುವ ಶಕ್ತಿ ಅವನಿಗಿಲ್ಲ, ತಂದೆ-ತಾಯಿಯನ್ನು ಬಿಡುವ ಮನಸ್ಸೂ ಇಲ್ಲ, ಬಿಡಬೇಕೆಂದು ಹುಡುಗಿಯೂ ಕೇಳಲಿಲ್ಲ. ಹಾಸಿಗೆ ಮತ್ತು ಚೀಲಗಳನ್ನು ಪಡಸಾಲೆಯ ಮೂಲೆಯಲ್ಲಿ ಅಟ್ಟ ಹೊಡೆಸಿ ಮೇಲಿಟ್ಟರು. ಚಾರ್ಜಿಂಗ್ ಬೋರ್ಡನ್ನು ಎಲೆಕ್ಟ್ರಿಷಿಯನ್ ಕರೆಸಿ ಹೊರಗೆ ತಂದರು. ಬಾಗಿಲಿಗೆ ಒಳಗೆ ಚಿಲಕ, ಹೊರಗೆ ಕೊಂಡಿ, ಒಂದು ಬೀಗ. ಇಷ್ಟೇ ಖರ್ಚು. ವಲೀಮಾದ ಒಂದು ಡೇಗ್ ಬಿರಿಯಾನಿಗೂ ಇದಕ್ಕಿಂತ ಹೆಚ್ಚಾಗಿತ್ತು.

ಅತ್ತೆಗೆ ಚಿಲಕ ನೋವು ಕೊಟ್ಟಿತು. 'ನಾವೇನು ಕಳ್ಳರೇ?' ಎಂದರು. ಅವರು ಸೊಸೆಯಾಗಿ ಬಂದಾಗ ಅವರಿಗೆ ಯಾರೂ ಚಿಲಕ ಹಾಕಿಸಿರಲಿಲ್ಲ, ಆ ನೋವಿನಲ್ಲಿ ಅದೂ ಸೇರಿತ್ತು. ಆ ಮಾತನ್ನು ಅವರಿಗೆ ಹೇಳಬೇಕಾದವನು ಮಗ, ಸೊಸೆಯಲ್ಲ. ಅವನೇ ಅಮ್ಮನ ಬಳಿ ಕುಳಿತು, ಹಾಕಿಸಿದ್ದು ನಾನು, ಆಕೆ ಕೇಳಿದ್ದಲ್ಲ ಎಂದು ಹೇಳಿದ. ಇದನ್ನು ಹೆಂಡತಿಯ ಬಾಯಿಂದ ಹೇಳಿಸಿದ್ದರೆ ಆ ಮನೆ ಅಂದೇ ಒಡೆಯುತ್ತಿತ್ತು.

ಕೆಲಸದ ವಿಷಯ ಇನ್ನೂ ಪೂರ್ತಿ ಸರಿಹೋಗಿಲ್ಲ. ಅತ್ತೆ-ಮಾವನ ಸೇವೆ ಮಗನ ಮೇಲಿನ ಕರ್ತವ್ಯ. ಸೊಸೆ ಮಾಡಿದರೆ ಅದು ಅವಳ ಉಪಕಾರ. ಮೈದುನರ ಬಟ್ಟೆ ಒಗೆಯುವುದನ್ನು ಶರೀಅತ್ ಅವಳ ಮೇಲೆ ಹೊರಿಸಿಲ್ಲ. ಪ್ರವಾದಿಯವರು(ಸ) ಮನೆಯಲ್ಲಿ ಮನೆಯವರ ಕೆಲಸ ಮಾಡಿಕೊಡುತ್ತಿದ್ದರು, ನಮಾಝಿನ ಹೊತ್ತಾದರೆ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಈಗ ಆ ಮನೆಯಲ್ಲಿ ಬೆಳಗಿನ ರೊಟ್ಟಿ ಹಿರಿಸೊಸೆಯದು, ರಾತ್ರಿಯ ಅಡಿಗೆ ಕಿರಿಯವಳದು. ಝುಹರ್‌ನಿಂದ ಅಸರ್‌ವರೆಗೆ ಬಾಗಿಲು ಹಾಕಿದ್ದರೆ ಯಾರೂ ಬಡಿಯುವುದಿಲ್ಲ. ಮೈದುನ ತನ್ನ ಬಟ್ಟೆ ತಾನೇ ಒಗೆಯುತ್ತಾನೆ ಎಂದು ಕೇಳಿದ್ದೇವೆ. ಕೆಲವೊಮ್ಮೆ ನಾದಿನಿಯೊಂದಿಗೆ ಮಾತು ಬಿಡುವುದೂ ಉಂಟಂತೆ. ಹುಡುಗಿ ಮಾತ್ರ ತಿರುಗಿ ಬಂದಿದ್ದಾಳೆ, ಇದ್ದಾಳೆ.

ಇನ್ನು ಮುಂದೆ ನಿಕಾಹ್ ಗೊತ್ತುಮಾಡಲು ನಮ್ಮ ಬಳಿ ಬರುವವರು ಸಿದ್ಧರಾಗಿ ಬನ್ನಿ. ಮಹ್ರ್ ಎಷ್ಟು ಎಂದು ಕೇಳುವ ಜೊತೆಗೇ ಹುಡುಗಿಗೆ ಯಾವ ಕೋಣೆ, ಅದಕ್ಕೆ ಚಿಲಕ ಇದೆಯೇ ಎಂದೂ ಕೇಳುತ್ತೇವೆ.